ಪದೇ ಪದೇ ಕರೆಂಟ್ ಹೋಗುವ ಕಡೆ ನೆಟ್‌ವರ್ಕ್ ಸ್ವಿಚ್‌ಗೆ ಯುಪಿಎಸ್ ಆರಿಸುವುದು ಹೇಗೆ?

ರಾಯಚೂರಿನ ಒಂದು ಕಾಲೇಜು ಅಂದುಕೊಳ್ಳಿ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ 24 ಪೋರ್ಟಿನ ಪಿಒಇ ಸ್ವಿಚ್, ಒಂದು ರೂಟರ್ ಇವೆ. ಎಂಟು ಕ್ಯಾಮೆರಾಗಳಿಗೂ ನಾಲ್ಕು ವೈಫೈ ಡಬ್ಬಿಗಳಿಗೂ ಈ ಸ್ವಿಚ್‌ನಿಂದಲೇ, ನೆಟ್‌ವರ್ಕ್ ಕೇಬಲ್ ಮೂಲಕವೇ ಕರೆಂಟ್. ಬೇಸಿಗೆಯಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ಕರೆಂಟ್ ಹೋಗುತ್ತದೆ, ಒಮ್ಮೊಮ್ಮೆ ಎರಡು ತಾಸು.

ಮೊದಲು ಲೋಡ್ ಅಳೆಯಿರಿ. ಸ್ವಿಚ್ ಹಿಂದಿನ ಲೇಬಲ್ ಗರಿಷ್ಠ ಅಂಕಿ ಹೇಳುತ್ತದೆ, ಅದನ್ನೇ ಹಿಡಿದರೆ ಸುಮ್ನೆ ದೊಡ್ಡ ಯುಪಿಎಸ್‌ಗೆ ದುಡ್ಡು ಹೋಗುತ್ತದೆ. ಪ್ಲಗ್‌ಗೆ ಹಾಕುವ ವಾಟ್ ಮೀಟರ್ ಇಟ್ಟು ರಾತ್ರಿ ಓದಿ, ಆಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳೂ ಉರಿಯುತ್ತಿರುತ್ತವೆ. ಸಿಸ್ಕೊ ಸ್ವಿಚ್ ಆದರೆ ಯಾವ ಪೋರ್ಟ್ ಎಷ್ಟು ಎಳೆಯುತ್ತಿದೆ ಎಂದೂ ಕಾಣುತ್ತದೆ:

```
show power inline
```

ನಮ್ಮ ಉದಾಹರಣೆಯಲ್ಲಿ ಎಲ್ಲ ಸೇರಿ 170 ವಾಟ್ ಬಂತು ಅನ್ನೋಣ. ಮುಂದೆ ಹೇಳುವ ಫ್ಯಾನ್‌ಗೆ 20 ಸೇರಿಸಿದರೆ 190.

ಈಗ ಬ್ಯಾಟರಿ. ವಾಟ್ ಮಾತ್ರ ನೋಡಿದರೆ 600 ವಿಎ ಯುಪಿಎಸ್ ಸಾಕು. ಆದರೆ ಅದರೊಳಗಿನ 7 ಎಎಚ್ ಬ್ಯಾಟರಿ ಈ ಲೋಡಿಗೆ ಹೆಚ್ಚೆಂದರೆ ಹತ್ತು-ಹದಿನೈದು ನಿಮಿಷ ನಿಲ್ಲುತ್ತದೆ. ಎರಡು ತಾಸಿಗೆ ಬೇಕಾದ್ದು 380 ವಾಟ್-ಅವರ್. ಯುಪಿಎಸ್‌ನಲ್ಲಿ ಆಗುವ ನಷ್ಟ ಸೇರಿದರೆ 450. ಇಷ್ಟು ಬೇಗ ಖಾಲಿ ಮಾಡುವಾಗ ಬ್ಯಾಟರಿ ಲೇಬಲ್ಲಿನಷ್ಟು ಕೊಡುವುದಿಲ್ಲ, ಹಳತಾದಂತೆ ಇನ್ನೂ ಕಡಿಮೆ. ಹಾಗಾಗಿ 800ರ ಲೆಕ್ಕ ಹಿಡಿಯಿರಿ. 36 ವೋಲ್ಟಿನ 1 ಕೆವಿಎ ಆನ್‌ಲೈನ್ ಯುಪಿಎಸ್‌ಗೆ 12 ವೋಲ್ಟ್ 26 ಎಎಚ್ ಬ್ಯಾಟರಿ ಮೂರು ಹಾಕಿದರೆ 36 × 26, ಅಂದರೆ 936 ವಾಟ್-ಅವರ್ ಆಗಿ ಸರಿಹೋಗುತ್ತದೆ. ಆನ್‌ಲೈನ್ ಯಾಕೆಂದರೆ, ಅದು ಸದಾ ತನ್ನ ಇನ್ವರ್ಟರ್ ಮೂಲಕವೇ ಕರೆಂಟ್ ಕೊಡುತ್ತದೆ; ಕರೆಂಟ್ ವಾಪಸ್ ಬರುವಾಗಿನ ವೋಲ್ಟೇಜ್ ಏರಿಳಿತ ಅದರಲ್ಲಿ ನೇರವಾಗಿ ಸ್ವಿಚ್‌ಗೆ ಹೋಗುವುದಿಲ್ಲ.

ಚಾರ್ಜರ್ ಕೇಳಲು ಮರೆಯಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಎರಡು ತಾಸು ಓಡಿದ ಮೇಲೆ ಬ್ಯಾಟರಿಗೆ ಸುಮಾರು 15 ಎಎಚ್ ವಾಪಸ್ ತುಂಬಬೇಕು. ಚಾರ್ಜರ್ 1 ಆಂಪಿಯರಿನದಾದರೆ ಅದಕ್ಕೆ 15 ತಾಸು! ಅಷ್ಟರಲ್ಲಿ ಮತ್ತೆ ಕರೆಂಟ್ ಹೋಗಿರುತ್ತದೆ, ಅಲ್ವಾ? ಅರೆ ತುಂಬಿದ ಬ್ಯಾಟರಿ ಮತ್ತೆ ಮತ್ತೆ ಖಾಲಿಯಾಗಿ ಒಳಗಿನ ಪ್ಲೇಟ್ ಹಾಳಾಗುತ್ತದೆ. "ಲಾಂಗ್ ಬ್ಯಾಕಪ್" ಮಾದರಿಯನ್ನೇ ಕೇಳಿ, ಚಾರ್ಜರ್ 5 ಆಂಪಿಯರ್ ಇರಲಿ. ನಾಲ್ಕೈದು ತಾಸಿನಲ್ಲಿ ಬಹುಪಾಲು ತುಂಬುತ್ತದೆ.

ಕೊನೆಗೆ ಬಿಸಿ. ಕರೆಂಟ್ ಹೋದಾಗ ಎಸಿ ನಿಲ್ಲುತ್ತದೆ, ಸ್ವಿಚ್ ಓಡುತ್ತಲೇ ಇರುತ್ತದೆ. ಕೋಣೆ ಕಾಯತೊಡಗುವುದೇ ಆಗ. ಅನೇಕ ಸ್ವಿಚ್‌ಗಳ ಮಿತಿ 45 ಡಿಗ್ರಿ. ಬಾಗಿಲ ಬುಡದಲ್ಲಿ ಜಾಲರಿ, ಎದುರು ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನ್ ಕೂರಿಸಿ. ಫ್ಯಾನ್ ವೈರ್ ಯುಪಿಎಸ್‌ಗೇ ಹೋಗಬೇಕು. ಬ್ಯಾಟರಿಯನ್ನು ಮಾತ್ರ ಈ ಕೋಣೆಯಲ್ಲಿ ಇಡಬೇಡಿ. 25 ಡಿಗ್ರಿಯಲ್ಲಿ ಬರುವ ಆಯುಷ್ಯ 35ರಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಗೋಡೆಯಾಚೆ ನೆರಳಿನಲ್ಲಿ, ಗಾಳಿಯಾಡುವ ಬೀಗದ ಪೆಟ್ಟಿಗೆಯಲ್ಲಿಡಿ. ನಡುವೆ ಡಿಸಿ ಫ್ಯೂಸ್ ಇರಲಿ, ಕೇಬಲ್ ದಪ್ಪವನ್ನು ಎಲೆಕ್ಟ್ರಿಷಿಯನ್ ನಿರ್ಧರಿಸಲಿ.

ಆರು ತಿಂಗಳಿಗೊಮ್ಮೆ, ರಜೆಯ ದಿನ ಮೇನ್ ಆಫ್ ಮಾಡಿ ಎಷ್ಟು ಹೊತ್ತು ಓಡುತ್ತದೆ ಬರೆದಿಡಿ. ಎರಡು ತಾಸಿನದು ಒಂದೂವರೆಗೆ ಇಳಿದರೆ ಹೊಸ ಬ್ಯಾಟರಿಗೆ ಕೊಟೇಶನ್ ತರಿಸಿ. ಮೂರನ್ನೂ ಒಟ್ಟಿಗೇ ಬದಲಿಸಿ. ಹಳೆಯದರ ಜೊತೆ ಹೊಸದು ಸೇರಿಸಿದರೆ ಹೊಸದೂ ಬೇಗ ಕೆಡುತ್ತದೆ.