ಡಿವಿಡೆಂಡ್ ಬಂತು, ಎನ್‌ಎವಿ 50ರಿಂದ 46.30ಕ್ಕೆ ಇಳಿಯಿತು: ನನ್ನ ಅನುಭವ

ಸಂಬಳದಲ್ಲಿ ಉಳಿಸಿದ್ದ ಒಂದು ಲಕ್ಷ ರೂಪಾಯಿಯನ್ನು ಒಂದು ಈಕ್ವಿಟಿ ಫಂಡಿನಲ್ಲಿ ಹಾಕಿದೆ. "ಮುಂದಿನ ವಾರ ಡಿವಿಡೆಂಡ್ ಇದೆ, ಈಗಲೇ ಹಾಕಿಬಿಡಿ" ಎಂದು ಏಜೆಂಟ್ ಹೇಳಿದ್ದರು. ಒಂದು ಯೂನಿಟ್‌ನ ಬೆಲೆ, ಅಂದರೆ ಎನ್‌ಎವಿ, 50 ರೂಪಾಯಿ ಇತ್ತು, ಸುಮಾರು 2,000 ಯೂನಿಟ್ ಸಿಕ್ಕವು. ವಾರದ ನಂತರ ಯೂನಿಟ್‌ಗೆ 4 ರೂಪಾಯಿಯಂತೆ 8,000 ಬ್ಯಾಂಕಿಗೆ ಬಂತು. ಅದೇ ಖುಷಿಯಲ್ಲಿ ಆ್ಯಪ್ ತೆರೆದರೆ ಎನ್‌ಎವಿ 46.30 ಎಂದಿತ್ತು. ಆಗ ನಾನು ಕೇಳಿದ್ದನ್ನೇ ಈಗ ಆಫೀಸಿನಲ್ಲಿ ಹಲವರು ನನ್ನನ್ನು ಕೇಳುತ್ತಾರೆ.

ಎನ್‌ಎವಿ ಯಾಕೆ ಇಳಿಯಿತು?

ಫಂಡಿನ ಷೇರು, ನಗದು ಎಲ್ಲದರ ಮೌಲ್ಯದಿಂದ ಖರ್ಚು-ಬಾಕಿ ಕಳೆದು, ಉಳಿದದ್ದನ್ನು ಯೂನಿಟ್‌ಗಳಿಗೆ ಹಂಚಿದರೆ ಬರುವುದೇ ಎನ್‌ಎವಿ. ಡಿವಿಡೆಂಡ್ ಕೊಟ್ಟದ್ದು ಅದೇ ಗಂಟಿನಿಂದ. 4 ರೂಪಾಯಿ ಹೊರಗೆ ಹೋದರೆ 50 ಇದ್ದದ್ದು 46 ಆಗಲೇಬೇಕು.

ಹಾಗಾದರೆ ಆ 30 ಪೈಸೆ?

ಆ ವಾರ ಮಾರುಕಟ್ಟೆ ಏರಿದ್ದರ ಫಲ. ನನ್ನ ನಿಜವಾದ ಲಾಭ ಅಷ್ಟೇ. ಫಂಡಿನಲ್ಲಿ 92,600, ಕೈಯಲ್ಲಿ 8,000, ಒಟ್ಟು 1,00,600. ನಿಮ್ಮ ಫಂಡ್ ನಿಜಕ್ಕೂ ಬಿದ್ದಿದೆಯೋ ಎಂದು ತಿಳಿಯಲು ಹೊಸ ಎನ್‌ಎವಿಗೆ ಡಿವಿಡೆಂಡ್ ಕೂಡಿಸಿ, ಹಳೆಯದರ ಜೊತೆ ಹೋಲಿಸಿ ನೋಡಿ. ಅದರಲ್ಲೂ ಕಡಿಮೆ ಬಂದರೆ ಮಾತ್ರ ಮಾರುಕಟ್ಟೆಯಿಂದಾದ ನಷ್ಟ.

ನಷ್ಟ ಇಲ್ಲವಲ್ಲ, ಮತ್ತೆ ಬೇಸರ ಯಾಕೆ?

ತೆರಿಗೆಯಿಂದ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಮ್ಮ ಆದಾಯಕ್ಕೆ ಸೇರಿ, ನಮ್ಮ ಸ್ಲ್ಯಾಬ್‌ನಂತೆ ತೆರಿಗೆ ಬೀಳುತ್ತದೆ. ನನ್ನದು 20% ಸ್ಲ್ಯಾಬ್, ಸೆಸ್ ಸೇರಿ 1,664 ರೂಪಾಯಿ ಕಟ್ಟಿದೆ. ವಾರದ ಹಿಂದೆ ನಾನೇ ಹಾಕಿದ್ದ ದುಡ್ಡು ನನಗೇ ವಾಪಸ್ ಬಂದಿತ್ತು, ಅದರ ಮೇಲೆ ಈ ತೆರಿಗೆ! ಡಿವಿಡೆಂಡ್ ಕೊಡದೆ ಲಾಭವನ್ನು ಫಂಡಿನಲ್ಲೇ ಬಿಡುವ ಗ್ರೋತ್ ಆಯ್ಕೆಯಲ್ಲಿ ಹಾಕಿ 8,000ದಷ್ಟು ಯೂನಿಟ್ ಮಾರಿದ್ದರೆ ತೆರಿಗೆ ಬೀಳುತ್ತಿದ್ದದ್ದು ಲಾಭದ ಪಾಲಿಗೆ ಮಾತ್ರ. ಆ ಪಾಲು 48 ರೂಪಾಯಿ, ತೆರಿಗೆ ಹತ್ತು ರೂಪಾಯಿ. ಬೇಗ ಮಾರಿದ್ದಕ್ಕೆ ಎಕ್ಸಿಟ್ ಲೋಡ್ 1% ಇದ್ದರೆ ಇನ್ನೊಂದು 80.

2021ರ ಏಪ್ರಿಲ್‌ನಿಂದ ಸೆಬಿ ಡಿವಿಡೆಂಡ್ ಆಯ್ಕೆಯ ಹೆಸರನ್ನೇ ಬದಲಿಸಿ IDCW ಎಂದು ಮಾಡಿಸಿದೆ. ಆದಾಯದ ಜೊತೆ ನಿಮ್ಮ ಬಂಡವಾಳವೂ ವಾಪಸ್ ಬರುತ್ತಿರಬಹುದು ಎಂಬುದು ಅದರ ಅರ್ಥ. ಈ ಹೆಸರು ಬಂದದ್ದು ನನಗೆ ತುಂಬ ಸರಿ ಎನಿಸುತ್ತದೆ. ಅರ್ಜಿಯಲ್ಲಿ ಆ ನಾಲ್ಕು ಅಕ್ಷರಗಳನ್ನು ನಾನು ಓದಿಯೇ ಇರಲಿಲ್ಲ.

ಈಗಲೇ ಗ್ರೋತ್‌ಗೆ ಬದಲಿಸಿಕೊಳ್ಳಲೇ?

ಒಂದೇ ಫಂಡಿನೊಳಗೆ ಬದಲಿಸಿದರೂ ಅದು ಮಾರಿ ಮತ್ತೆ ಕೊಂಡಂತೆ. ಲಾಭವಿದ್ದರೆ ತೆರಿಗೆ, ಅವಧಿ ಮುಗಿದಿರದಿದ್ದರೆ ಎಕ್ಸಿಟ್ ಲೋಡ್. ನಾನು ಒಂದು ವರ್ಷ ತುಂಬುವವರೆಗೆ ಕಾದೆ. ಆಮೇಲಿನ ಲಾಭ ದೀರ್ಘಾವಧಿಯದು. ಈಕ್ವಿಟಿಯಲ್ಲಿ ಅಂಥ ಲಾಭ ವರ್ಷಕ್ಕೆ 1.25 ಲಕ್ಷ ದಾಟುವವರೆಗೆ ತೆರಿಗೆಯಿಲ್ಲ, ನನ್ನದು ಅದರ ಹತ್ತಿರವೂ ಇರಲಿಲ್ಲ. ವರ್ಷ ತುಂಬಿದ ಮರುವಾರವೇ ಸ್ವಿಚ್ ಅರ್ಜಿ ಕೊಟ್ಟೆ.