ಗುಡ್ಡದಾಚೆಯ ಮನೆಯ ಸದ್ದು ಕೇಳಿಸದಾಗ: ವೈಫೈ ಡಿಕ್ಕಿ ತಪ್ಪಿಸುವುದು ಹೇಗೆ?

ತೀರ್ಥಹಳ್ಳಿ, ಹೊಸನಗರದ ಕಡೆ ಒಂಟಿಮನೆಗಳೇ ಹೆಚ್ಚು. ಗುಡ್ಡದ ನೆತ್ತಿಯಲ್ಲಿ ಒಂದು ಕಂಬ ನೆಟ್ಟು, ಅಲ್ಲಿಂದ ಎರಡೂ ಬದಿಯ ಕಣಿವೆಗೆ 5 ಗಿಗಾಹರ್ಟ್ಸ್ ವೈಫೈ ಕೊಟ್ಟಿದ್ದಾರೆ ಎಂದುಕೊಳ್ಳಿ. ಪಡುವಣ ಬದಿಯ ಮನೆಯವರು ಅಡಿಕೆ ಒಣಗಿಸುವ ಅಂಗಳದ ಸಿಸಿಟಿವಿ ದೃಶ್ಯವನ್ನು ಹೊರಗೆ ಕಳಿಸುತ್ತಾರೆ. ಮೂಡಣ ಬದಿಯ ಮನೆಯಲ್ಲಿ ಮಗಳು ಬೆಂಗಳೂರಿನ ಕಚೇರಿಗೆ ವಿಡಿಯೊ ಕರೆಯಲ್ಲಿ ಕೂರುತ್ತಾಳೆ. ಎರಡೂ ಮನೆಗೆ ಕಂಬ ಕಾಣುತ್ತದೆ, ಸಿಗ್ನಲ್ ಚೆನ್ನಾಗಿದೆ. ಆದರೆ ಕ್ಯಾಮೆರಾ ಚಾಲೂ ಆದ ಕೂಡಲೇ ಮಗಳ ಮಾತು ತುಂಡಾಗುತ್ತದೆ.

ಮೊದಲು ರೋಗ ಯಾವುದೆಂದು ಖಚಿತ ಮಾಡಿಕೊಳ್ಳಿ. ಮಳೆಗೆ ನೆಂದ ಮರಗಳು ಅಡ್ಡ ಬಂದಿದ್ದರೆ ಸಿಗ್ನಲ್ಲೇ ಇಳಿದಿರುತ್ತದೆ. ಇಲ್ಲಿ ಹಾಗಲ್ಲ. ಲಿನಕ್ಸ್ ಅಥವಾ ಓಪನ್‌ಡಬ್ಲ್ಯುಆರ್‌ಟಿ ಇರುವ ಮನೆಯ ಸಾಧನದಲ್ಲಿ ಹೀಗೆ ಕೊಡಿ:

```
iw dev wlan0 station dump
```

`signal` ಸಾಲು ಸ್ಥಿರವಾಗಿದ್ದು, `tx retries` ಮಾತ್ರ ಎರಡೂ ಮನೆ ಒಟ್ಟಿಗೆ ಕಳಿಸುವಾಗ ಸರಸರನೆ ಏರಿ, ಒಂದೇ ಮನೆ ಕಳಿಸುವಾಗ ನಿಂತುಬಿಟ್ಟರೆ, ಅದು ಮರೆಯಲ್ಲಿರುವ ಟರ್ಮಿನಲ್‌ನ ಸಮಸ್ಯೆ. ಡೌನ್‌ಲೋಡ್ ಸರಿಯಿದ್ದು ಅಪ್‌ಲೋಡ್ ಮಾತ್ರ ಕೆಡುವುದೂ ಇದರ ಗುರುತೇ.

ಕಾರಣ ಹೀಗಿದೆ. ಕಳಿಸುವ ಮೊದಲು ವೈಫೈ ಸಾಧನ ಗಾಳಿಗೆ ಕಿವಿಗೊಡುತ್ತದೆ. 34 ಮೈಕ್ರೋಸೆಕೆಂಡ್ ನಿಶ್ಶಬ್ದವಿದ್ದರೆ, 0ಯಿಂದ 15ರ ನಡುವೆ ಒಂದು ಸಂಖ್ಯೆ ಆರಿಸಿಕೊಂಡು, ಸಂಖ್ಯೆಯೊಂದಕ್ಕೆ 9 ಮೈಕ್ರೋಸೆಕೆಂಡ್‌ನಂತೆ ಕಾದು ಕಳಿಸುತ್ತದೆ. ಆದರೆ ಅದು ಆಲಿಸುವುದು ತಾನಿರುವ ಜಾಗದಲ್ಲಿ. ಡಿಕ್ಕಿಯಾಗುವುದು ಕಂಬದ ಬಳಿ. ನಡುವೆ ಗುಡ್ಡ ಇರುವುದರಿಂದ ಎರಡು ಮನೆಗಳಿಗೆ ಒಂದರ ಸದ್ದು ಒಂದಕ್ಕೆ ಕೇಳುವುದಿಲ್ಲ. 6 ಮೆಗಾಬಿಟ್ ವೇಗದಲ್ಲಿ 1500 ಬೈಟ್‌ನ ಪೊಟ್ಟಣ ಗಾಳಿಯಲ್ಲಿ ಸುಮಾರು 2072 ಮೈಕ್ರೋಸೆಕೆಂಡ್ ಇರುತ್ತದೆ. ಇನ್ನೊಂದು ಮನೆ ಹೆಚ್ಚೆಂದರೆ 169 ಮೈಕ್ರೋಸೆಕೆಂಡ್ ಕಾದು ತನ್ನದನ್ನೂ ಬಿಟ್ಟುಬಿಡುತ್ತದೆ. ಕಂಬಕ್ಕೆ ಎರಡೂ ಅರ್ಥವಾಗುವುದಿಲ್ಲ. ಡಿಕ್ಕಿಯಾದಾಗಲೆಲ್ಲ ಕಾಯುವ ಮಿತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ನಿಜ. ಆದರೆ 15, 31, 63, 127 ದಾಟಿ 255ಕ್ಕೆ ಬಂದ ಮೇಲೆಯೇ ಅದು ಪೊಟ್ಟಣದ ಅವಧಿಯನ್ನು ಮೀರುವುದು. ಅಂದರೆ ನಾಲ್ಕು ಸಲ ಹಾಳಾದ ನಂತರ.

ಇದಕ್ಕೆ ಪರಿಹಾರ, ಕಳಿಸುವ ಮುನ್ನ ಕಂಬದ ಒಪ್ಪಿಗೆ ಕೇಳುವುದು. ಫಿಲ್ ಕಾರ್ನ್ 1990ರಲ್ಲಿ ಇದನ್ನು ಪ್ಯಾಕೆಟ್ ರೇಡಿಯೊಗೆ ಸೂಚಿಸಿದರು. ವೈಫೈ ಮಾನದಂಡದಲ್ಲೂ ಇದೇ ವಿಧಾನವಿದೆ. ಪಡುವಣ ಮನೆ 20 ಬೈಟ್‌ನ ಪುಟ್ಟ ಕೋರಿಕೆ, ಅಂದರೆ ಆರ್‌ಟಿಎಸ್ ಕಳಿಸುತ್ತದೆ. ಅದರಲ್ಲಿ ‘ಇನ್ನು 2208 ಮೈಕ್ರೋಸೆಕೆಂಡ್ ನನಗೆ ಬೇಕು’ ಎಂಬ ಲೆಕ್ಕವಿರುತ್ತದೆ. ಕಂಬ 16 ಮೈಕ್ರೋಸೆಕೆಂಡ್ ಬಿಟ್ಟು 14 ಬೈಟ್‌ನ ಸಿಟಿಎಸ್‌ನಲ್ಲಿ ಒಪ್ಪಿಗೆ ಕೊಡುತ್ತದೆ, ಉಳಿದ 2148 ಮೈಕ್ರೋಸೆಕೆಂಡ್ ಅನ್ನು ಅದರಲ್ಲೇ ಬರೆದು. ಮೂಡಣ ಮನೆಗೆ ಕೋರಿಕೆ ಕೇಳಿರುವುದಿಲ್ಲ, ಆದರೆ ಕಂಬದ ಒಪ್ಪಿಗೆ ಕೇಳುತ್ತದೆ. ಅಷ್ಟು ಹೊತ್ತು ಅದು ಸುಮ್ಮನಿರುತ್ತದೆ. ಎರಡು ಕೋರಿಕೆಗಳೇ ಡಿಕ್ಕಿ ಹೊಡೆಯುವುದೂ ಉಂಟು. ಆಗ ಹಾಳಾಗುವುದು 52 ಮೈಕ್ರೋಸೆಕೆಂಡ್‌ನ ಕೋರಿಕೆ, 2072ರ ಪೊಟ್ಟಣವಲ್ಲ.

ಈಗ ಸೆಟ್ಟಿಂಗ್. ಬಹಳ ಮಂದಿ ಇದನ್ನು ಕಂಬದ ಮೇಲಿನ ಸಾಧನದಲ್ಲಿ ಮಾತ್ರ ಹಾಕಿ, ಏನೂ ಬದಲಾಗಲಿಲ್ಲ ಎನ್ನುತ್ತಾರೆ. ಬದಲಾಗುವುದೂ ಇಲ್ಲ. ಕಂಬದ ಸದ್ದು ಎಲ್ಲ ಮನೆಗೂ ಕೇಳುತ್ತದೆ, ಮರೆಯಲ್ಲಿರುವುದು ಮನೆಗಳು. ಹಾಗಾಗಿ ಎರಡೂ ಮನೆಯ ಸಾಧನಗಳಲ್ಲೇ ಹಾಕಬೇಕು:

```
iw phy phy0 set rts 500
```

500 ಬೈಟ್‌ಗಿಂತ ದೊಡ್ಡ ಪೊಟ್ಟಣಗಳು ಇನ್ನು ಒಪ್ಪಿಗೆ ಕೇಳಿಯೇ ಹೋಗುತ್ತವೆ. ಹಲವು ಸಾಧನಗಳಲ್ಲಿ ಕಾಣುವ 2347 ಎಂಬ ಸಂಖ್ಯೆ, ಮಾಮೂಲಿ ಪೊಟ್ಟಣಗಳಿಗೆ ಈ ಸೌಲಭ್ಯ ಬಂದ್ ಎಂದೇ ಅರ್ಥ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ರೀಬೂಟ್ ಆದಮೇಲೂ ಉಳಿಯಬೇಕಿದ್ದರೆ:

```
uci set wireless.radio0.rts='500'
uci commit wireless
wifi reload
```

ನಂತರ ಎರಡೂ ಮನೆಯಿಂದ ಒಟ್ಟಿಗೆ ಅಪ್‌ಲೋಡ್ ಮಾಡಿ, `tx retries` ಏರುವ ವೇಗ ಮೊದಲಿಗಿಂತ ತಗ್ಗಿದೆಯೇ ನೋಡಿ. ತಗ್ಗದಿದ್ದರೆ ಅಡ್ಡಿ ಬೇರೆ ಕಡೆಯದು. ಕಂಬದ ಸಿಟಿಎಸ್ ಕೇಳಿಸದಷ್ಟು ದೂರದ, ಅದೇ ಚಾನಲ್‌ನ ಇನ್ನೊಂದು ಜಾಲವಿದ್ದರೆ ಈ ಕೋರಿಕೆ-ಒಪ್ಪಿಗೆ ಅದನ್ನು ಮಣಿಸಲಾರದು. ಆಗ ಚಾನಲ್ ಬದಲಿಸುವುದೇ ದಾರಿ.

ಇದಕ್ಕೆ ಬೆಲೆಯೂ ಇದೆ. ಕೋರಿಕೆ, ಒಪ್ಪಿಗೆ, ನಡುವಿನ ಬಿಡುವು ಸೇರಿ 128 ಮೈಕ್ರೋಸೆಕೆಂಡ್ ಹೆಚ್ಚುವರಿ. 6 ಮೆಗಾಬಿಟ್‌ನಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ಅದೇ ಪೊಟ್ಟಣ 54 ಮೆಗಾಬಿಟ್‌ನಲ್ಲಿ ಬರೀ 248 ಮೈಕ್ರೋಸೆಕೆಂಡ್‌ನಲ್ಲಿ ಮುಗಿಯುತ್ತದೆ. ಅಲ್ಲಿ ಅರ್ಧದಷ್ಟು ಹೊರೆ ಹೆಚ್ಚಿದಂತೆ. ಹಾಗಾಗಿ ಆಂಟೆನಾ ಎತ್ತರಿಸಿ ಮನೆಗಳು ಒಂದನ್ನೊಂದು ಕೇಳುವಂತಾಗಿ, ವೇಗವೂ ಏರಿದ್ದರೆ, `iw phy phy0 set rts off` ಕೊಟ್ಟು ಮತ್ತೆ ಅಳೆದು ನೋಡಿ. ಯುಸಿಐಯಲ್ಲಿ ಹಾಕಿದ್ದರೆ ಅಲ್ಲಿಂದಲೂ ತೆಗೆಯಿರಿ, ಇಲ್ಲವಾದರೆ ರೀಬೂಟ್ ಆದೊಡನೆ ಅದು ಮರಳಿ ಬರುತ್ತದೆ.