ರಾತ್ರಿ 12ಕ್ಕೆ ನೀರು ಅಂದರೆ ಯಾವ ರಾತ್ರಿ?

ಮಡಿಕೇರಿಯ ಇಳಿಜಾರಿನಲ್ಲಿರುವ ನಮ್ಮ ಬಡಾವಣೆಗೆ ಕರೆಂಟ್ ಮತ್ತು ನೀರಿನ ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಡುವವನು ನಾನು. ಇಂಗ್ಲಿಷ್ ಪ್ರತಿ ಬಡಾವಣೆಯ ಸಂಘದಿಂದ ಬರುತ್ತದೆ. ಓದುವವರಲ್ಲಿ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಆಡುವವರೆಲ್ಲ ಇದ್ದಾರೆ. ಭಾಷೆ ಸರಳವಾಗಿರಬೇಕು ಅನ್ನೋದು ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಹೊತ್ತು ಹಿಡಿಯುವುದು ಮಾತ್ರ ವೇಳೆ ಬರೆಯುವುದಕ್ಕೆ.

ಒಂದು ಸೂಚನೆಯನ್ನೇ ನೋಡಿ. 11 ಕೆವಿ ಫೀಡರ್ ದುರಸ್ತಿ, 05-06ರಂದು 10 ಎಎಂನಿಂದ 5 ಪಿಎಂವರೆಗೆ ಕರೆಂಟ್ ಇಲ್ಲ. ಪಂಪ್ ಓಡದ ಕಾರಣ ಗುರುವಾರ ಸಂಜೆಯ ನೀರು ಶುಕ್ರವಾರ 12 ಎಎಂನಿಂದ 3 ಎಎಂವರೆಗೆ. ಇಷ್ಟೇ ಇತ್ತು.

ಇದನ್ನು ಇದ್ದ ಹಾಗೆ ಇಳಿಸಿದರೆ 'ಶುಕ್ರವಾರ ರಾತ್ರಿ 12ರಿಂದ 3' ಎಂದಾಗುತ್ತದೆ. ಗಡಿಯಾರದ ಪ್ರಕಾರ ತಪ್ಪೇನಿಲ್ಲ. ಆದರೆ ನಮ್ಮ ಲೆಕ್ಕದಲ್ಲಿ ದಿನ ಶುರುವಾಗುವುದು ಬೆಳಗಾದ ಮೇಲೆ ಅಲ್ವಾ? ಶುಕ್ರವಾರ ರಾತ್ರಿ ಅಂದರೆ ಶುಕ್ರವಾರ ಊಟ ಮಾಡಿ ಮಲಗುವ ರಾತ್ರಿ. ಅಷ್ಟರಲ್ಲಿ ನೀರು ಬಂದು ಹೋಗಿ ಒಂದು ದಿನವೇ ಆಗಿರುತ್ತದೆ. ರೈಲಿನವರ ಹಾಗೆ 00:00 ಎಂದು ಬರೆಯೋಣ ಅಂದವರೂ ಇದ್ದಾರೆ. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ, ಆ ಲೆಕ್ಕ ಓದುವ ರೂಢಿ ಎಷ್ಟು ಜನಕ್ಕಿದೆ? ಅದಕ್ಕೆ ನಾನು ಎರಡು ವಾರಗಳನ್ನೂ ಹೆಸರಿಸುತ್ತೇನೆ: 'ಗುರುವಾರ ರಾತ್ರಿ ಮಲಗಿ ಶುಕ್ರವಾರ ಬೆಳಿಗ್ಗೆ ಏಳುವುದರೊಳಗೆ.' ಉದ್ದವಾಯಿತು ಅಂತ ಸಂಘದವರು ಗೊಣಗುತ್ತಾರೆ, ಗೊಣಗಲಿ.

ಬರೆಯುವ ಮೊದಲು ವಾಟರ್‌ಮ್ಯಾನ್‌ಗೆ ಒಂದು ಫೋನ್ ಮಾಡುತ್ತೇನೆ. 12 ಅನ್ನೋದು ವಾಲ್ವ್ ತಿರುಗಿಸುವ ಹೊತ್ತೋ, ನಲ್ಲಿಯಲ್ಲಿ ನೀರು ಬೀಳುವ ಹೊತ್ತೋ? ಇಂಗ್ಲಿಷ್ ಪ್ರತಿಯಲ್ಲಿ ಅದು ಇರುವುದೇ ಇಲ್ಲ. ಕೆಳಗಿನ ಬೀದಿಗೆ ಬೇಗ ಸಿಗುತ್ತದೆ. ಅಲ್ಲಿ ಎಲ್ಲರೂ ನಲ್ಲಿ ತೆರೆದುಕೊಂಡಿದ್ದರೆ ಒತ್ತಡ ಸಾಲದೆ ಮೇಲಿನ ಬೀದಿಗೆ ನೀರು ಹತ್ತುವುದು ತಡ. ಈ ಸಲ ಆತ ಹೇಳಿದ್ದು, 'ವಾಲ್ವ್ ಬಿಡೋದು ಹನ್ನೆರಡಕ್ಕೆ, ಮೇಲಿನವರಿಗೆ ಒಂದು ಗಂಟೆ ಅಂತ ಬರೀರಿ ಸಾರ್.' ಇಲ್ಲೂ ನಾನು ಮತ್ತೆ ಕೇಳಲೇಬೇಕು: ಒಂದು ಗಂಟೆಗೋ, ಒಂದು ಗಂಟೆ ಹೊತ್ತೋ? ಒಂದು ಗಂಟೆಗೆ ಅಂತಲೇ ಆತನ ಮಾತು. ಅದಕ್ಕೇ ನನ್ನ ಸೂಚನೆಯಲ್ಲಿ ಬರಿ 'ಗಂಟೆ' ಎಂದು ಎಲ್ಲೂ ಇರುವುದಿಲ್ಲ. 'ಗಂಟೆಗೆ', 'ಗಂಟೆಯವರೆಗೆ', 'ಗಂಟೆ ಹೊತ್ತು', ಈ ಮೂರರಲ್ಲಿ ಒಂದು ಇರಲೇಬೇಕು.

ಕರೆಂಟಿನ ಸಾಲಿಗೆ ಬೇರೆ ಎಚ್ಚರ ಬೇಕು. '5ರವರೆಗೆ ಇಲ್ಲ' ಎಂದರೆ ಅಲ್ಲಿಯವರೆಗೆ ತಂತಿ ಸತ್ತಿರುತ್ತದೆ ಎಂದು ಭರವಸೆ ಕೊಟ್ಟ ಹಾಗೆ ಕೇಳಿಸುತ್ತದೆ. ಮಳೆಗಾಲದ ಮುಂಚೆ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ನಡೆಯುವ ಸಮಯ. ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜೀವ ಹೋಗುವುದು ಕೊಡಗಿನಲ್ಲಿ ಹೊಸದೇನಲ್ಲ. ಲೈನ್‌ಮನ್ ಕೆಲಸ ಬೇಗ ಮುಗಿದರೆ ಮೂರಕ್ಕೇ ಕರೆಂಟ್ ಬಿಡಬಹುದು. ಆ ಮಾತು ಇಂಗ್ಲಿಷ್‌ನಲ್ಲಿ ಇರದಿದ್ದರೂ ನಾನು ಸೇರಿಸುತ್ತೇನೆ. ಅನುವಾದ ಮೂಲಕ್ಕೆ ನಿಷ್ಠವಾಗಿರಬೇಕು ಅನ್ನುವವರು ಇಲ್ಲಿ ಸ್ವಲ್ಪ ಸುಮ್ನಿರಬೇಕು.

ಕೊನೆಗೆ ಬರೆದದ್ದು ಹೀಗೆ:

ಕರೆಂಟ್: ಜೂನ್ 5, ಗುರುವಾರ. ಬೆಳಿಗ್ಗೆ 10 ಗಂಟೆಗೆ ಹೋಗುತ್ತದೆ. ಅದೇ ದಿನ ಸಂಜೆ 5 ಗಂಟೆಗೆ ಬರುತ್ತದೆ. ಕೆಲಸ ಬೇಗ ಮುಗಿದರೆ ಮೊದಲೇ ಬರಬಹುದು. ಕರೆಂಟ್ ಇಲ್ಲವೆಂದು ತಂತಿಯ ಹತ್ತಿರ ಏಣಿ ಇಡಬೇಡಿ.

ನೀರು: ಗುರುವಾರ ಸಂಜೆ ಬರುವುದಿಲ್ಲ. ಗುರುವಾರ ರಾತ್ರಿ ಮಲಗಿ ಶುಕ್ರವಾರ ಬೆಳಿಗ್ಗೆ ಏಳುವುದರೊಳಗೆ ಬರುತ್ತದೆ. ಕೆಳಗಿನ ಬೀದಿಗೆ ಮಧ್ಯರಾತ್ರಿ 12 ಗಂಟೆಗೆ, ಮೇಲಿನ ಬೀದಿಗೆ ಸುಮಾರು 1 ಗಂಟೆಗೆ ಶುರು. ಎಲ್ಲರಿಗೂ 3 ಗಂಟೆಗೆ ನಿಲ್ಲುತ್ತದೆ.

'ನಾಳೆ', 'ಇವತ್ತು' ಎಲ್ಲೂ ಇಲ್ಲ, ಗಮನಿಸಿ. ವಾಟ್ಸಾಪ್‌ನಲ್ಲಿ ಸೂಚನೆ ಎರಡು ದಿನ ಸುತ್ತುತ್ತಲೇ ಇರುತ್ತದೆ. ಅಂಕಿಗಳನ್ನೂ 6, 7 ಎಂದೇ ಬರೆಯುತ್ತೇನೆ. ಕನ್ನಡದ ೬ ಮತ್ತು ೭ ಸಣ್ಣ ಅಕ್ಷರದಲ್ಲಿ, ಅದರಲ್ಲೂ ಜೆರಾಕ್ಸ್ ಪ್ರತಿಯಲ್ಲಿ, ಒಂದೇ ಥರ ಕಾಣುತ್ತವೆ.

ಕಳಿಸುವ ಮೊದಲು ಮೇಲಿನ ಬೀದಿಯ ಅಕ್ಕ ಒಬ್ಬರಿಗೆ ಓದಿ ಹೇಳುತ್ತೇನೆ. 'ಅರ್ಥ ಆಯ್ತಾ' ಎಂದು ಕೇಳುವುದಿಲ್ಲ, ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. 'ಅಕ್ಕಾ, ಯಾವ ದಿನ ಮಲಗೋವಾಗ ಅಲಾರಂ ಇಡ್ತೀರಿ, ಎಷ್ಟಕ್ಕೆ?' ಎಂದು ಕೇಳುತ್ತೇನೆ. 'ಗುರುವಾರ ಮಲಗೋವಾಗ, ಒಂದಕ್ಕೆ' ಅಂದರು. ಆಮೇಲೆ ಗ್ರೂಪಿಗೆ ಹಾಕಿದೆ.